ಪುಲ್ಲಿ ಸುತ್ತುತ್ತದೆ, ಶಾಫ್ಟ್ ನಿಂತೇ ಇದೆ

ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ದಂಟಿನ ದಪ್ಪ ಕಟ್ಟು ಕೊಟ್ಟ ಕೂಡಲೇ ಬ್ಲೇಡು ನಿಂತುಬಿಡುತ್ತದೆ. ಮೋಟಾರು ಓಡುತ್ತಿದೆ, ಬೆಲ್ಟು ಬಿಗಿಯಾಗಿದೆ, ಪುಲ್ಲಿಯೂ ಸುತ್ತುತ್ತಿದೆ. ಆದರೆ ಅದು ಶಾಫ್ಟಿನ ಮೇಲೆ ತನ್ನಷ್ಟಕ್ಕೆ ಜಾರಿ ಸುತ್ತುತ್ತಿದೆ. ಇಂಥ ಯಂತ್ರದ ಪುಲ್ಲಿ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಒಂದೇ ಒಂದು ಗ್ರಬ್ ಸ್ಕ್ರೂ, ಶಾಫ್ಟಿನ ಸುತ್ತ ಅದು ಗೀರಿದ ಉಂಗುರ.

ಲೆಕ್ಕ ನೋಡಿ. ಎರಡು ಎಚ್‌ಪಿ, ಅಂದರೆ ಸುಮಾರು 1.5 ಕಿಲೋವ್ಯಾಟ್ ಮೋಟಾರು. ದೊಡ್ಡ ಪುಲ್ಲಿಯಿಂದಾಗಿ ಬ್ಲೇಡಿನ ಶಾಫ್ಟು ನಿಮಿಷಕ್ಕೆ 480 ಸುತ್ತು ಸುತ್ತುತ್ತದೆ ಎಂದುಕೊಳ್ಳೋಣ. ಆಗ ಶಾಫ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 30 ನ್ಯೂಟನ್-ಮೀಟರ್. ಶಾಫ್ಟಿನ ವ್ಯಾಸ 25 ಮಿ.ಮೀ. ಆದರೆ ಅದರ ಮೇಲ್ಮೈಯಲ್ಲಿ ಪುಲ್ಲಿಗೂ ಶಾಫ್ಟಿಗೂ ನಡುವೆ ಸುಮಾರು 240 ಕೆಜಿ ತೂಕದಷ್ಟು ಜಗ್ಗಾಟ. ಒಂದೇ ಸಮನೆ ಜಗ್ಗಿದರೆ ಚೆನ್ನಾಗಿ ಬಿಗಿದ ಸ್ಕ್ರೂ ತಡೆದುಕೊಂಡೀತು. ಆದರೆ ಬ್ಲೇಡು ದಂಟಿಗೆ ಬಡಿದಾಗಲೆಲ್ಲ ಏಟು ಇದಕ್ಕಿಂತ ಹಲವು ಪಟ್ಟು ಏರಿ ಇಳಿಯುತ್ತದೆ. ಸ್ಕ್ರೂ ಸಡಿಲವಾಗುವುದು ಆ ನಡುಕಕ್ಕೆ.

ಆದ್ದರಿಂದ ಕೆಲಸ ಹಂಚಬೇಕು. ತಿರುಚು ಬಲ ಹೊರುವುದು ಕೀ; ಪುಲ್ಲಿ ಅತ್ತಿತ್ತ ಸರಿಯದಂತೆ ಹಿಡಿಯುವುದು ಸ್ಕ್ರೂ.

25 ಮಿ.ಮೀ. ಶಾಫ್ಟಿಗೆ ಮೆಟ್ರಿಕ್ ಪಟ್ಟಿ ಹೇಳುವ ಕೀ 8 ಮಿ.ಮೀ. ಅಗಲ, 7 ಮಿ.ಮೀ. ಎತ್ತರ. ಇದರಲ್ಲಿ 4 ಮಿ.ಮೀ. ಶಾಫ್ಟಿನೊಳಗೆ ಕೂರುತ್ತದೆ, ಉಳಿದ 3 ಮಿ.ಮೀ. ಪುಲ್ಲಿಯೊಳಗೆ. ಆದರೆ ಪುಲ್ಲಿಯ ಗಾಡಿಯನ್ನು 3.3 ಆಳ ಕೊರೆಯುತ್ತಾರೆ. ಆ 0.3 ಮಿ.ಮೀ. ಸಂದು ಬೇಕೆಂದೇ ಬಿಟ್ಟದ್ದು. ಕೀ ಕೆಲಸ ಮಾಡುವುದು ತನ್ನ ಎರಡು ಪಕ್ಕಗಳಿಂದ. ನೆತ್ತಿ ತಾಗಿದರೆ ಪುಲ್ಲಿ ಒಂದು ಬದಿಗೆ ತಳ್ಳಲ್ಪಟ್ಟು ಓಲಾಡುತ್ತದೆ. ಸಡಿಲವೆನಿಸಿದ ಕೀ ಮೇಲೆ ತಗಡಿನ ಚೂರು ಇಟ್ಟು ಬಡಿಯುವವರು ಮಾಡುವುದು ಇದನ್ನೇ. ಪಕ್ಕದ ಸಡಿಲ ಹಾಗೇ ಉಳಿಯುತ್ತದೆ.

ಶಾಫ್ಟಿನ ಗಾಡಿ ಮಿಲ್ಲಿಂಗ್ ಯಂತ್ರದಲ್ಲಿ ಆಗುತ್ತದೆ. ಶಾಫ್ಟನ್ನು ವಿ-ಬ್ಲಾಕಿನಲ್ಲಿ ಬಿಗಿದು, ಕಟರ್ ನಡುಮಧ್ಯಕ್ಕೆ ಬರುವಂತೆ ಮಾಡುವುದೇ ನಾಜೂಕಿನ ಕೆಲಸ. ತಿರುಗುವ ಕಟರನ್ನು ಶಾಫ್ಟಿನ ಪಕ್ಕಕ್ಕೆ ಕಾಗದ ತಾಗುವಷ್ಟು ತಂದು, ಮೇಲೆತ್ತಿ, ಶಾಫ್ಟಿನ ಅರ್ಧ ಮತ್ತು ಕಟರಿನ ಅರ್ಧ ಸೇರಿಸಿ ಸರಿಸುತ್ತಾರೆ. 8 ಮಿ.ಮೀ. ಕಟರಾದರೆ 12.5ಕ್ಕೆ 4 ಕೂಡಿಸಿ 16.5 ಮಿ.ಮೀ., ಜೊತೆಗೆ ಕಾಗದದ ದಪ್ಪ. ಆಮೇಲೆ ಅರ್ಧರ್ಧ ಮಿ.ಮೀ. ಇಳಿಸುತ್ತ ಕೊರೆಯುತ್ತಾರೆ. ಆತುರಪಟ್ಟರೆ ಕಟರ್ ಬಾಗಿ ಗಾಡಿ ಅಗಲವಾಗುತ್ತದೆ. ಅದಕ್ಕೇ ಅನುಭವಿಗಳು 7 ಮಿ.ಮೀ. ಕಟರಿನಲ್ಲಿ ತೆಗೆದು, ಪಕ್ಕಗಳನ್ನು ಕೊನೆಗೆ ಸವರುತ್ತಾರೆ. ಆಳ ಸರಿಯೇ ಎಂದು ನೋಡಲು ಗಾಡಿಯ ತಳದಿಂದ ಎದುರು ಬದಿಯವರೆಗೆ ವರ್ನಿಯರ್ ಹಿಡಿಯಿರಿ: 21 ಮಿ.ಮೀ. ಬರಬೇಕು. ಪುಲ್ಲಿಯಲ್ಲಿ ಇದೇ ಅಳತೆ 28.3. ಪುಲ್ಲಿಯ ಗಾಡಿಗೆ ಸ್ಲಾಟಿಂಗ್ ಯಂತ್ರ ಬೇಕು, ಇಲ್ಲವೇ ಹಲ್ಲಿನ ಸರಳಿನಂತಿರುವ ಬ್ರೋಚನ್ನು ಪ್ರೆಸ್ಸಿನಲ್ಲಿ ಒತ್ತಬೇಕು. ಕೀ ಹಗುರ ಸುತ್ತಿಗೆ ಏಟಿಗೆ ಇಳಿಯಬೇಕು. ಬೆರಳಿನಿಂದಲೇ ಜಾರಿ ಕೂತರೆ ಗಾಡಿ ದೊಡ್ಡದಾಗಿದೆ ಎಂದೇ ಅರ್ಥ.

ಇನ್ನು ಸ್ಕ್ರೂ. ಒಂದನ್ನು ಕೀ ನೆತ್ತಿಯ ಮೇಲೆ, ಇನ್ನೊಂದನ್ನು 90 ಡಿಗ್ರಿ ದೂರದಲ್ಲಿ ಶಾಫ್ಟಿನ ಮೇಲೆ ಕೂರಿಸುವುದು ಒಳ್ಳೆಯ ಪದ್ಧತಿ. ಎರಡನೆಯದರ ತುದಿ ಊರುವ ಕಡೆ ಶಾಫ್ಟನ್ನು ಅರದಿಂದ ಚಪ್ಪಟೆ ಮಾಡಬೇಕು. ದುಂಡನೆಯ ಮೈಮೇಲೆ ಸ್ಕ್ರೂ ಒತ್ತಿದರೆ ಸುತ್ತ ಲೋಹ ಉಬ್ಬಿ ನಿಲ್ಲುತ್ತದೆ. ಆಮೇಲೆ ಪುಲ್ಲಿ ಹೊರಗೆಳೆಯುವಾಗ ಆ ಉಬ್ಬು ಒಳಗೋಡೆಯನ್ನು ಕೆರೆದು ಹಾಳುಮಾಡುತ್ತದೆ, ಇಲ್ಲವೇ ಪುಲ್ಲಿ ಬರುವುದೇ ಇಲ್ಲ. ಚಪ್ಪಟೆ ಮೈಯಲ್ಲಿ ಉಬ್ಬು ತಗ್ಗಿನೊಳಗೇ ಉಳಿಯುತ್ತದೆ. ಹೆಚ್ಚು ಉಜ್ಜಬೇಕಿಲ್ಲ: ಅರ್ಧ ಮಿ.ಮೀ. ಆಳಕ್ಕೇ 7 ಮಿ.ಮೀ. ಅಗಲದ ಜಾಗ ಸಿಗುತ್ತದೆ, 6 ಮಿ.ಮೀ. ಸ್ಕ್ರೂ ತುದಿಗೆ ಅದು ಸಾಕು. ಜಾಗ ಗುರುತಿಸಲು ಪುಲ್ಲಿಯನ್ನು ಕೀ ಸಮೇತ ಕೂರಿಸಿ, ಸ್ಕ್ರೂ ತುದಿಗೆ ಬಣ್ಣ ಹಚ್ಚಿ ಒತ್ತಿ. ಈ ತಗ್ಗನ್ನು ಶಾಫ್ಟಿನ ತುದಿಯವರೆಗೆ ಎಳೆಯಬೇಡಿ. ಮುಂದೆ ಲೋಹ ಉಳಿದಿದ್ದರೆ ಸ್ಕ್ರೂ ಸ್ವಲ್ಪ ಸಡಿಲವಾದರೂ ಪುಲ್ಲಿ ಕಳಚಿ ಬೀಳದು.

ಕೆಟ್ಟಿರುವುದನ್ನು ಬಿಚ್ಚದೆಯೂ ತಿಳಿಯಬಹುದು. ಮೋಟಾರಿನ ವಿದ್ಯುತ್ ತಪ್ಪಿಸಿ, ಶಾಫ್ಟು ಅಲುಗದಂತೆ ಹಿಡಿದು ಪುಲ್ಲಿಯನ್ನು ಹಿಂದೆ ಮುಂದೆ ಆಡಿಸಿ. ಟಕ್ ಟಕ್ ಎಂದರೆ ಕೀ ಪಕ್ಕದಲ್ಲಿ ಸಂದು ಬಿದ್ದಿದೆ. ಪುಲ್ಲಿಯ ಅಂಚಿನಲ್ಲಿ ಕಂದುಗೆಂಪು ಪುಡಿ ಕಂಡರೆ ಅದು ಉಕ್ಕು ಉಕ್ಕಿಗೆ ಉಜ್ಜಿ ಉದುರಿದ್ದು. ಈ ಹಂತದಲ್ಲಿ ಹೊಸ ಕೀ ಹಾಕಿದರೆ ಸಾಕಾಗಬಹುದು. ಗಾಡಿಯ ಗೋಡೆಗಳೇ ಬಾಯಿ ಬಿಟ್ಟಿದ್ದರೆ ಹೊಸ ಕೀ ಬಹುಕಾಲ ನಿಲ್ಲುವುದಿಲ್ಲ. ವೆಲ್ಡಿಂಗ್ ತುಂಬಿಸಿದರೆ ಶಾಫ್ಟು ಬಾಗುವ ಭಯವಿದೆ. ಶಾಫ್ಟಿನ ಎದುರು ಬದಿಯಲ್ಲಿ ಹೊಸ ಗಾಡಿ ಕೊರೆಸುವುದು ಅದಕ್ಕಿಂತ ಮೇಲು, ಆದರೆ ಶಾಫ್ಟು ಅಷ್ಟು ಸಣಕಲಾಗುತ್ತದೆ. ಮೇವಿನ ಯಂತ್ರದಂತೆ ಏಟು ತಿನ್ನುವ ಕಡೆ ಶಾಫ್ಟನ್ನೇ ಬದಲಿಸುವುದು ನನ್ನ ಆಯ್ಕೆ.