ಪಟ್ಟಿಯಲ್ಲಿ ಅಕ್ಕಿ ಇಲ್ಲ

ಮದೀನಾದಲ್ಲಿ ಒಂದು ದಿನ ಬಿಲಾಲರು ಪ್ರವಾದಿ ಮುಹಮ್ಮದರ ಬಳಿಗೆ ಬರ್ನಿ ಎಂಬ ಉತ್ತಮ ಜಾತಿಯ ಖರ್ಜೂರ ತಂದರು. ಎಲ್ಲಿಂದ ಬಂತು ಎಂದು ಪ್ರವಾದಿ ವಿಚಾರಿಸಿದರು. ನಮ್ಮಲ್ಲಿ ಕಳಪೆ ಖರ್ಜೂರವಿತ್ತು, ಅದರ ಎರಡು ಸಾಅ್ ಕೊಟ್ಟು ಇದರ ಒಂದು ಸಾಅ್ ತಂದೆ ಎಂದರು ಬಿಲಾಲರು. ಸಾಅ್ ಎಂದರೆ ಆ ಊರಿನ ಅಳತೆಯ ಪಾತ್ರೆ, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ನಾಲ್ಕು ಬೊಗಸೆ. ಪ್ರವಾದಿ ತಕ್ಷಣ ತಡೆದರು. ಇದೇ ರಿಬಾ, ಹೀಗೆ ಮಾಡಬೇಡ. ಕಳಪೆಯದನ್ನು ಮಾರಿ, ಬಂದ ದುಡ್ಡಿನಲ್ಲಿ ಒಳ್ಳೆಯದನ್ನು ಕೊಂಡುಕೋ ಎಂಬುದು ಅವರ ಮಾತಿನ ಸಾರ. ಬುಖಾರಿ ಮತ್ತು ಮುಸ್ಲಿಂ ಎಂಬ ಎರಡು ಪ್ರಮುಖ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗವಿದೆ.

ವ್ಯಾಪಾರ ಸಮ್ಮತ, ರಿಬಾ ನಿಷಿದ್ಧ ಎಂದು ಕುರ್‌ಆನ್ ಎರಡನೇ ಅಧ್ಯಾಯದಲ್ಲಿ ಹೇಳುತ್ತದೆ. ರಿಬಾ ಎಂದರೆ ಹೆಚ್ಚಳ. ಸಾಲದ ಮೇಲಿನ ಬಡ್ಡಿ ಅದರ ಎಲ್ಲರಿಗೂ ತಿಳಿದ ರೂಪ. ಬಿಲಾಲರ ವಿನಿಮಯದಲ್ಲಿ ಸಾಲವೂ ಇರಲಿಲ್ಲ, ಬಡ್ಡಿಯೂ ಇರಲಿಲ್ಲ. ಹಾಗಾದರೆ ಇಂಥ ಕೈಗೆ ಕೈ ವ್ಯವಹಾರದಲ್ಲಿ ರಿಬಾ ಎಲ್ಲಿ ಹುಟ್ಟುತ್ತದೆ? ಅದನ್ನು ಹೇಳುವ ಹದೀಸನ್ನು ಉಬಾದಾ ಬಿನ್ ಸಾಮಿತ್ ವರದಿ ಮಾಡಿದ್ದಾರೆ. ಅದರಲ್ಲಿ ಆರು ವಸ್ತುಗಳ ಹೆಸರಿದೆ: ಚಿನ್ನ, ಬೆಳ್ಳಿ, ಗೋಧಿ, ಜವೆ, ಖರ್ಜೂರ, ಉಪ್ಪು. ಇವುಗಳಲ್ಲಿ ಯಾವುದನ್ನೇ ಅದೇ ವಸ್ತುವಿಗೆ ಬದಲಾಯಿಸುವಾಗ ಎರಡೂ ಕಡೆ ಸಮವಾಗಿರಬೇಕು, ಅಲ್ಲೇ ಕೈಬದಲಾಗಬೇಕು. ವಸ್ತು ಬೇರೆ ಬೇರೆಯಾದರೆ ಪ್ರಮಾಣ ನಿಮ್ಮಿಷ್ಟ, ಆದರೆ ಕೈಬದಲು ಆಗಲೇ ಆಗಬೇಕು.

ಪಟ್ಟಿಯಲ್ಲಿ ಅಕ್ಕಿ ಇಲ್ಲ. ಕಬ್ಬಿಣವಿಲ್ಲ, ಮೊಟ್ಟೆ ಇಲ್ಲ, ಕಲ್ಲಂಗಡಿ ಇಲ್ಲ. ಪ್ರವಾದಿಯ ನಂತರ ನೂರು ವರ್ಷ ಕಳೆಯುವಷ್ಟರಲ್ಲಿ ಮುಸ್ಲಿಮರ ಆಳ್ವಿಕೆ ಸ್ಪೇನ್‌ನಿಂದ ಸಿಂಧ್‌ವರೆಗೆ ಹಬ್ಬಿತ್ತು. ಖರ್ಜೂರ ಬೆಳೆಯದ ಸೀಮೆಯ ರೈತ ಎರಡು ಸೇರು ನುಚ್ಚಕ್ಕಿ ಕೊಟ್ಟು ಒಂದು ಸೇರು ಸಣ್ಣಕ್ಕಿ ಪಡೆಯಬಹುದೇ? ಉತ್ತರ ಕೊಡಬೇಕಾದ ವಿದ್ವಾಂಸನಿಗೆ ಇರುವ ದಾರಿ ಒಂದೇ. ಈ ಆರನ್ನು ಹೆಸರಿಸಿದ್ದು ಏಕೆ ಎಂದು ಅವನು ಮೊದಲು ಕಂಡುಕೊಳ್ಳಬೇಕು. ಆ 'ಏಕೆ'ಯನ್ನು ಇಸ್ಲಾಮಿ ಧರ್ಮಶಾಸ್ತ್ರದಲ್ಲಿ ಇಲ್ಲತ್ ಎನ್ನುತ್ತಾರೆ. ಕಾರಣ ಗೊತ್ತಾದರೆ ಅದು ಕಂಡಲ್ಲೆಲ್ಲ ನಿಯಮವನ್ನು ಒಯ್ಯಬಹುದು. ಹೀಗೆ ಒಯ್ಯುವ ಕ್ರಮವೇ ಖಿಯಾಸ್. ಅದಕ್ಕೆ ನಾಲ್ಕು ಕಾಲು: ಗ್ರಂಥದಲ್ಲಿರುವ ಮೂಲ ಪ್ರಸಂಗ, ಎದುರಿಗಿರುವ ಹೊಸ ಪ್ರಸಂಗ, ಎರಡಕ್ಕೂ ಸಮಾನವಾದ ಕಾರಣ, ಮೂಲದಿಂದ ಹೊಸದಕ್ಕೆ ದಾಟುವ ತೀರ್ಪು. ಗೋಧಿ ಮೂಲ, ಅಕ್ಕಿ ಹೊಸದು, ಸಮವಾಗಿರಬೇಕೆಂಬುದು ತೀರ್ಪು. ನಡುವಿನ ಕಾರಣ ಯಾವುದು ಎಂಬಲ್ಲೇ ವಿದ್ವಾಂಸರು ಬೇರೆಯಾದರು.

ಇರಾಕಿನ ಕೂಫಾ ನಗರದಲ್ಲಿ ಅಬೂ ಹನೀಫಾ (699–767) ಎಂಬ ರೇಷ್ಮೆ ವ್ಯಾಪಾರಿ ಶಿಷ್ಯರ ಜೊತೆ ಕೂತು ಇಂಥ ಪ್ರಶ್ನೆಗಳನ್ನು ಚರ್ಚಿಸುತ್ತಿದ್ದರು. ಕೂಫಾ ಮದೀನಾದಿಂದ ದೂರ, ನಾನಾ ಜನ ಬಂದು ನೆಲೆಸಿದ ಊರು. ಸುಳ್ಳು ಹದೀಸ್‌ಗಳೂ ಅಲ್ಲಿ ಓಡಾಡುತ್ತಿದ್ದವು. ಹಾಗಾಗಿ ವರದಿಗಳನ್ನು ಒಪ್ಪುವಲ್ಲಿ ಬಿಗಿ, ತರ್ಕವನ್ನು ಬಳಸುವಲ್ಲಿ ಧೈರ್ಯ ಆ ಊರಿನ ವಿದ್ವಾಂಸರ ಗುಣವಾಯಿತು. ಅವರ ಪರಂಪರೆ ಹೇಳಿದ್ದು ಇದು: ಹದೀಸ್ ಕೇಳುತ್ತಿರುವುದು ಸಮತೆಯನ್ನು. ಎರಡು ರಾಶಿ ಸಮವೇ ಎಂದು ತಿಳಿಯುವುದು ಅಳೆದಾಗ ಇಲ್ಲವೆ ತೂಗಿದಾಗ. ಆದ್ದರಿಂದ ಅಳೆದು ಅಥವಾ ತೂಗಿ ಮಾರುವ ವಸ್ತುವಾಗಿರುವುದೇ ಕಾರಣ. ಈ ಲೆಕ್ಕದಲ್ಲಿ ಅಕ್ಕಿ ಒಳಗೆ ಬಂತು, ತೂಗಿ ಮಾರುವ ಕಬ್ಬಿಣವೂ ಬಂತು. ಎಣಿಸಿ ಮಾರುವ ಮೊಟ್ಟೆ ಹೊರಗುಳಿಯಿತು. ಒಂದಕ್ಕೆ ಎರಡು ಮೊಟ್ಟೆ ಕೈಗೆ ಕೈ ಬದಲಾಯಿಸಬಹುದು.

ಮದೀನಾದಲ್ಲಿ ಇಮಾಮ್ ಮಾಲಿಕ್ (ನಿಧನ 795) ಅವರ ಕಾಲಡಿಯ ನೆಲವೇ ಬೇರೆ. ಪ್ರವಾದಿ ಬದುಕಿ ಬಾಳಿದ ಊರಿನ ಜನ ತಲೆಮಾರುಗಳಿಂದ ನಡೆಸಿಕೊಂಡು ಬಂದ ರೂಢಿ, ಒಬ್ಬಿಬ್ಬರು ಹೇಳಿದ ವರದಿಗಿಂತ ಗಟ್ಟಿ ಸಾಕ್ಷಿ ಎಂದು ಅವರು ತಿಳಿದಿದ್ದರು. ಅವರ 'ಮುವತ್ತಾ' ಗ್ರಂಥ ಹದೀಸ್‌ಗಳ ಜೊತೆಗೆ ಊರಿನ ನಡವಳಿಕೆಯನ್ನೂ ದಾಖಲಿಸುತ್ತದೆ. ರೂಢಿಯ ಬಲ ಎಂಥದೆಂದು ತೋರಿಸುವ ಒಂದು ಪ್ರಸಂಗ ಹೀಗೆ ವರದಿಯಾಗಿದೆ. ಅಬೂ ಹನೀಫಾರ ಹಿರಿಯ ಶಿಷ್ಯ ಅಬೂ ಯೂಸುಫ್ ಮದೀನಾಕ್ಕೆ ಬಂದಾಗ ಸಾಅ್ ಎಷ್ಟು ದೊಡ್ಡದು ಎಂಬ ಚರ್ಚೆ ಎದ್ದಿತು. ಇರಾಕಿನವರ ಪ್ರಕಾರ ಅದು ಎಂಟು ರತ್ಲ್ ತೂಕದ್ದು. ಮದೀನಾದ ಹಲವರು ತಮ್ಮ ತಮ್ಮ ಮನೆಯ ಸಾಅ್ ಪಾತ್ರೆ ಹಿಡಿದು ಬಂದರು. ನನ್ನ ತಂದೆ ಇದರಲ್ಲೇ ಅಳೆದು ಪ್ರವಾದಿಯವರಿಗೆ ದಾನದ ಧಾನ್ಯ ಒಪ್ಪಿಸುತ್ತಿದ್ದರೆಂದು ಒಬ್ಬರು, ನನ್ನ ತಾಯಿ ಅಳೆಯುತ್ತಿದ್ದುದು ಇದರಲ್ಲೇ ಎಂದು ಇನ್ನೊಬ್ಬರು. ಅಬೂ ಯೂಸುಫ್ ಎಲ್ಲವನ್ನೂ ಅಳೆದು ನೋಡಿದರು. ಎಲ್ಲವೂ ಐದೂ ಕಾಲು ರತ್ಲ್‌ಗಿಂತ ತುಸು ಹೆಚ್ಚು, ಒಂದಕ್ಕೊಂದು ಸಮ. ಗುರುವಿನ ಅಭಿಪ್ರಾಯವನ್ನು ಬಿಟ್ಟು ಅವರು ಮದೀನಾದ ಅಳತೆಯನ್ನು ಒಪ್ಪಿಕೊಂಡರು.

ಆರು ವಸ್ತುಗಳ ಬಗ್ಗೆ ಮಾಲಿಕಿ ವಿದ್ವಾಂಸರ ವಾದ ಹೀಗಿದೆ. ಬರೀ ಆಹಾರವೆಂದಷ್ಟೇ ಉದ್ದೇಶವಾಗಿದ್ದರೆ ಒಂದು ಹೆಸರು ಸಾಕಿತ್ತು. ನಾಲ್ಕನ್ನು ಹೇಳಿದ್ದು ನಾಲ್ಕರಲ್ಲೂ ಇರುವ ಗುಣವನ್ನು ತೋರಿಸಲು. ಗೋಧಿ, ಜವೆ ಹೊಟ್ಟೆ ತುಂಬಿಸುವ ಕಾಳು. ಖರ್ಜೂರ ಒಣಗಿಸಿಟ್ಟು ತಿನ್ನುವ ಸಿಹಿ. ಉಪ್ಪು ಊಟವನ್ನು ಸರಿಮಾಡುವ ವಸ್ತು. ಜೀವನಕ್ಕೆ ಆಧಾರವಾದ, ಕೂಡಿಡಬಹುದಾದ ಆಹಾರವಾಗಿರುವುದೇ ಕಾರಣ. ಅಕ್ಕಿ ಇಲ್ಲೂ ಒಳಗೆ. ಕೂಡಿಡಲಾಗದ ಕಲ್ಲಂಗಡಿ ಹೊರಗೆ.

ಇವೆರಡೂ ಕಡೆ ಓದಿದವರು ಶಾಫಿ (767–820). ಗಾಜಾದಲ್ಲಿ ಹುಟ್ಟಿ, ಮದೀನಾದಲ್ಲಿ ಮಾಲಿಕರ ಶಿಷ್ಯರಾಗಿ, ಬಾಗ್ದಾದಿನಲ್ಲಿ ಅಬೂ ಹನೀಫಾರ ಶಿಷ್ಯ ಶೈಬಾನಿಯವರ ಜೊತೆ ವಾದಿಸಿ, ಕೊನೆಗೆ ಈಜಿಪ್ಟಿನಲ್ಲಿ ನೆಲೆಸಿದರು. ಒಂದೊಂದು ಊರು ತನ್ನ ರೂಢಿಯನ್ನೇ ಧರ್ಮವೆಂದರೆ ಅಳತೆಗೋಲು ಯಾವುದು ಎಂಬುದು ಅವರ ಪ್ರಶ್ನೆ. 'ರಿಸಾಲಾ' ಎಂಬ ಕೃತಿಯಲ್ಲಿ ಅವರು ಕ್ರಮವನ್ನು ಬರೆದಿಟ್ಟರು: ಮೊದಲು ಕುರ್‌ಆನ್, ಅದರೊಡನೆ ಸರಿಯಾದ ಹದೀಸ್, ನಂತರ ಸಮುದಾಯದ ಒಮ್ಮತವಾದ ಇಜ್ಮಾ, ಕಡೆಗೆ ಖಿಯಾಸ್. ಊರಿನ ರೂಢಿ ಹದೀಸನ್ನು ಮೀರುವಂತಿಲ್ಲ. ಗ್ರಂಥದ ಆಧಾರವಿಲ್ಲದ ಬರೀ ಅಭಿಪ್ರಾಯಕ್ಕೆ ಜಾಗವಿಲ್ಲ.

ಈ ಪ್ರಕರಣದಲ್ಲಿ ಅವರು ತಮ್ಮ ಮಾತನ್ನೇ ತಿದ್ದಿಕೊಂಡರು. ಅಳೆಯುವ ಅಥವಾ ತೂಗುವ ಆಹಾರ ಎಂಬುದು ಅವರ ಹಳೆಯ ಅಭಿಪ್ರಾಯ; ಈಜಿಪ್ಟಿನ ಕಾಲದಲ್ಲಿ ಆಹಾರವಾದರೆ ಸಾಕು ಎಂದರು. ಆಹಾರಕ್ಕೆ ಆಹಾರ ಸಮಸಮ ಎಂಬ ಅರ್ಥದ ಹದೀಸೊಂದು ಈ ಅಭಿಪ್ರಾಯಕ್ಕೆ ಆಧಾರ. ಹಾಗಾಗಿ ಶಾಫಿ ಪಂಥದಲ್ಲಿ ಮೊಟ್ಟೆ, ಕಲ್ಲಂಗಡಿ ಎರಡೂ ನಿಯಮದೊಳಗೆ. ಕಬ್ಬಿಣ ತಿನ್ನುವ ವಸ್ತುವಲ್ಲ, ಅದು ಹೊರಗೆ. ಚಿನ್ನ ಬೆಳ್ಳಿಗೆ ಶಾಫಿಗಳೂ ಮಾಲಿಕಿಗಳೂ ಬೇರೆ ಕಾರಣ ಕೊಟ್ಟರು: ಅವು ಬೆಲೆ ಕಟ್ಟುವ ನಾಣ್ಯ.

ಅಹ್ಮದ್ ಬಿನ್ ಹಂಬಲ್ (780–855) ಹದೀಸ್‌ಗೇ ಅಂಟಿಕೊಂಡವರು, ಖಿಯಾಸನ್ನು ಬೇರೆ ದಾರಿ ಇಲ್ಲದಾಗ ಬಳಸಿದವರು. ಈ ವಿಷಯದಲ್ಲಿ ಅವರ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳು ಉಳಿದಿವೆ; ಹೆಚ್ಚು ಪ್ರಸಿದ್ಧವಾದದ್ದು ಅಳತೆ ಮತ್ತು ತೂಕದ ಪಕ್ಷ. ಇವರೆಲ್ಲರಿಗೂ ಎದುರಾಗಿ ನಿಂತವರು ಜಾಹಿರಿಗಳು. ದೇವರು ಆರನ್ನು ಹೇಳಿದ್ದರೆ ಆರೇ, ಕಾರಣ ಹುಡುಕುವ ಅಧಿಕಾರ ಮನುಷ್ಯನಿಗಿಲ್ಲ ಎಂದರು. ಅವರ ಪ್ರಕಾರ ಅಕ್ಕಿಗೆ ಈ ನಿಯಮವೇ ಇಲ್ಲ. ಕಾಲಾಂತರದಲ್ಲಿ ಆ ಪಂಥ ಸಂಸ್ಥೆಯಾಗಿ ಉಳಿಯಲಿಲ್ಲ.

ಸರಿಯಾದ ಕಾರಣ ಯಾವುದೆಂದು ಪರೀಕ್ಷಿಸುವ ವಿಧಾನವೂ ಇತ್ತು. ಮೂಲ ಪ್ರಸಂಗದ ಗುಣಗಳನ್ನೆಲ್ಲ ಪಟ್ಟಿ ಮಾಡಿ, ಹೊಂದದವನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋಗುವುದು. ಉಳಿದದ್ದೇ ಇಲ್ಲತ್. ಹಾಗೆ ಉಳಿದದ್ದರ ಬಗ್ಗೆಯೂ ಇದು ಬಲವಾದ ಊಹೆ ಎಂದಷ್ಟೇ ಅವರು ಹೇಳುತ್ತಿದ್ದರು, ಖಚಿತ ಜ್ಞಾನವೆಂದು ಹೇಳುತ್ತಿರಲಿಲ್ಲ. ಕಾರ್ಡೋಬಾದ ಇಬ್ನ್ ರುಶ್ದ್ (ನಿಧನ 1198) ಮಾಲಿಕಿ ನ್ಯಾಯಾಧೀಶರಾಗಿದ್ದವರು. ಪಂಥಗಳ ವಾದಗಳನ್ನು ಅಕ್ಕಪಕ್ಕ ಇಟ್ಟು ತೂಗಿದ ತಮ್ಮ ಗ್ರಂಥದಲ್ಲಿ ಈ ಪ್ರಶ್ನೆಗೆ ಬಂದಾಗ, ಉದ್ದೇಶ ನೋಡಿದರೆ ಹನಫಿಗಳ ಕಾರಣವೇ ಮೇಲು ಎಂದು ಬರೆದರು. ಮೋಸಕ್ಕೆ ಎಡೆಯಿಲ್ಲದ ಸಮತೆಯೇ ಈ ನಿಷೇಧದ ಗುರಿ ಎಂಬುದು ಅವರ ತರ್ಕ. ತನ್ನ ಪಂಥದ ವಿರುದ್ಧ ತೀರ್ಪು ಕೊಡುವಷ್ಟು ಆ ಶಾಸ್ತ್ರದಲ್ಲಿ ಅವಕಾಶವಿತ್ತು.

ಮಝ್‌ಹಬ್ ಎಂಬ ಪದಕ್ಕೆ ಹೋಗುವ ದಾರಿ ಎಂದರ್ಥ. ಈ ನಾಲ್ವರಲ್ಲಿ ಯಾರೂ ಪಂಥ ಕಟ್ಟುತ್ತೇನೆಂದು ಹೊರಟವರಲ್ಲ. ಪಾಠಗಳನ್ನು ಬರೆದುಕೊಂಡು, ಸಂಗ್ರಹಿಸಿ, ಚಿಕ್ಕ ಪಠ್ಯ ಮಾಡಿ, ಅದಕ್ಕೆ ವ್ಯಾಖ್ಯಾನ ಬರೆದವರು ಶಿಷ್ಯರು. ಹತ್ತನೇ ಶತಮಾನದ ಹೊತ್ತಿಗೆ ಅವು ನ್ಯಾಯಾಧೀಶರು ಅನುಸರಿಸುವ ಪಂಥಗಳಾಗಿ ಗಟ್ಟಿಯಾದವು. ಅಂಥ ಶಿಷ್ಯಬಲ ಸಿಗದೆ ಸಿರಿಯಾದ ಔಝಾಯಿ, ಈಜಿಪ್ಟಿನ ಲೈಸ್‌ರಂಥ ದೊಡ್ಡ ವಿದ್ವಾಂಸರ ಪಂಥಗಳು ಅಳಿದವು. ಶಿಯಾ ಸಮುದಾಯದಲ್ಲಿ ಇಮಾಮ್ ಜಾಫರ್ ಸಾದಿಕ್ ಹೆಸರಿನ ಪಂಥ ಬೇರೆಯಾಗಿಯೇ ಬೆಳೆಯಿತು.

ಪಂಥಗಳು ಹೋದದ್ದು ಜನ ಹೋದ ದಾರಿಯಲ್ಲೇ. ಮಧ್ಯ ಏಷ್ಯಾದಿಂದ ನೆಲಮಾರ್ಗವಾಗಿ ಬಂದ ಹನಫಿ ಪಂಥ ಉತ್ತರ ಭಾರತದಲ್ಲೂ ದಖ್ಖನಿನಲ್ಲೂ ನೆಲೆಸಿತು. ಅರಬ್ಬಿ ಸಮುದ್ರದ ವ್ಯಾಪಾರಿಗಳೊಡನೆ ಬಂದ ಶಾಫಿ ಪಂಥ ನಮ್ಮ ಕರಾವಳಿಯಲ್ಲಿ ಬೇರೂರಿತು. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ, ಅಲ್ಲಿನ ಮುಸ್ಲಿಮರು ಶಾಫಿ ಪಂಥದವರು ಎಂದು ಬರೆದಿಟ್ಟಿದ್ದಾನೆ. ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಇಂದಿಗೂ ಬಹುಪಾಲು ಶಾಫಿಗಳು. ಘಟ್ಟದ ಮೇಲಿನ ಮುಸ್ಲಿಮರು ಬಹುಪಾಲು ಹನಫಿಗಳು.

ಇಷ್ಟಕ್ಕೂ ಈ ಪ್ರಶ್ನೆ ಖರ್ಜೂರದ ಕಾಲಕ್ಕೇ ಮುಗಿಯಲಿಲ್ಲ. ಇಂದು ನಮ್ಮ ಜೇಬಿನಲ್ಲಿರುವುದು ನೋಟು. ಅದನ್ನು ಯಾರೂ ತೂಗುವುದಿಲ್ಲ, ಅಳೆಯುವುದಿಲ್ಲ, ತಿನ್ನುವುದೂ ಇಲ್ಲ. ಬರೀ ತೂಕವೇ ಕಾರಣವೆಂದರೆ ನೂರು ರೂಪಾಯಿಗೆ ನೂರಹತ್ತು ಪಡೆಯುವ ವಿನಿಮಯ ಆರು ವಸ್ತುಗಳ ನಿಯಮದಿಂದ ಜಾರಿಕೊಳ್ಳುತ್ತದೆ. ಬೆಲೆ ಕಟ್ಟುವ ಗುಣವೇ ಕಾರಣವೆಂದರೆ ಒಳಗೆ ಬರುತ್ತದೆ. ಹಲವು ಪಂಥಗಳ ವಿದ್ವಾಂಸರು ಸೇರಿರುವ ಅಂತರರಾಷ್ಟ್ರೀಯ ಇಸ್ಲಾಮಿ ಫಿಕ್ಹ್ ಅಕಾಡೆಮಿ 1986ರಲ್ಲಿ ಅಮ್ಮಾನ್ ನಗರದ ಅಧಿವೇಶನದಲ್ಲಿ ಎರಡನೆಯದನ್ನೇ ಒಪ್ಪಿತು: ಕಾಗದದ ಹಣಕ್ಕೆ ಬೆಲೆ ಕಟ್ಟುವ ಗುಣ ಪೂರ್ಣವಾಗಿದೆ, ಆದ್ದರಿಂದ ಚಿನ್ನ ಬೆಳ್ಳಿಯ ನಿಯಮವೇ ಅದಕ್ಕೂ ಅನ್ವಯ.