ಮಿತವಾದ ಬಂಡವಾಳವನ್ನು ಕಾಫಿ ತೋಟದಲ್ಲಿ ವಿನಿಯೋಗಿಸುವ ಕ್ರಮ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಬೆಟ್ಟದ ಸೀಮೆಯಲ್ಲಿ ಕಾಫಿಯ ಕುಯಿಲು ಮುಗಿದು ಹಣ ಕೈಸೇರುವ ವೇಳೆಗೆ, ತೋಟದಲ್ಲಿ ಮಾಡಿಸಬೇಕಾದ ಕೆಲಸಗಳು ಒಂದರ ಹಿಂದೊಂದು ಕಾದು ನಿಂತಿರುತ್ತವೆ. ಎಲ್ಲವೂ ಲಾಭಕರವಾಗಿಯೇ ಕಾಣಬಹುದು. ಆದರೆ ಎಲ್ಲಕ್ಕೂ ಹಣ ಸಾಲದು. ಹೀಗಿರುವಾಗ ಯಾವುದನ್ನು ಮೊದಲು ಹಿಡಿಯಬೇಕೆಂಬುದನ್ನು ಲೆಕ್ಕದಿಂದ ನಿಶ್ಚಯಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲು ತಿಳಿಯಬೇಕಾದುದು ‘ಇಂದಿನ ಬೆಲೆ’ ಎಂಬುದು. ಹಣಕ್ಕೆ ಶೇಕಡ 12ರ ಬಡ್ಡಿಯೆಂದು ಭಾವಿಸಿದರೆ, ನಾಲ್ಕನೆಯ ವರ್ಷದ ಕೊನೆಗೆ ಬರುವ ಒಂದು ರೂಪಾಯಿಯ ಇಂದಿನ ಬೆಲೆ ಸುಮಾರು 64 ಪೈಸೆ. ಹತ್ತನೆಯ ವರ್ಷದ ಕೊನೆಗೆ ಬರುವುದರ ಬೆಲೆ ಸುಮಾರು 32 ಪೈಸೆ ಮಾತ್ರ. ಸಿಲ್ವರ್ ಓಕ್, ಹಾಲುವಾಣ ಮೊದಲಾದ ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸುವ ಕೆಲಸವನ್ನು ತೆಗೆದುಕೊಳ್ಳೋಣ. ಇದಕ್ಕೆ 2 ಲಕ್ಷ ರೂಪಾಯಿ ತಗಲಿ, ಮೂರು ವರ್ಷ ಏನೂ ಬಾರದೆ, ನಾಲ್ಕರಿಂದ ಹತ್ತನೆಯ ವರ್ಷದವರೆಗೆ ಖರ್ಚು ಕಳೆದು ವರ್ಷಕ್ಕೆ 1,11,000 ರೂಪಾಯಿ ಬರುವುದೆಂದು ಊಹಿಸಿದರೆ, ಬರುವ ಒಟ್ಟು ಮೊಬಲಗು 7,77,000 ಆದರೂ ಅದರ ಇಂದಿನ ಬೆಲೆ ಸುಮಾರು 3,60,000 ಮಾತ್ರವೇ ಆಗುವುದು. ಇದರಲ್ಲಿ ಹೂಡಿದ 2 ಲಕ್ಷವನ್ನು ಕಳೆದರೆ ಉಳಿಯುವ 1,60,000 ‘ನಿವ್ವಳ ಲಾಭ’. ಇಂದಿನ ಬೆಲೆಯನ್ನು ಹೂಡಿಕೆಯಿಂದ ಭಾಗಿಸಿದರೆ ಬರುವ 1.80 ‘ಲಾಭಸೂಚಿ’. ಹೂಡಿದ ಒಂದೊಂದು ರೂಪಾಯಿಯೂ 1 ರೂ. 80 ಪೈಸೆಯ ಬೆಲೆಯುಳ್ಳದ್ದಾಗುವುದೆಂದು ಇದರ ಅರ್ಥ. ಸೂಚಿ 1ಕ್ಕಿಂತ ಕಡಿಮೆಯಾದರೆ ಆ ಕೆಲಸವನ್ನು ಕೈಬಿಡತಕ್ಕುದು.

ಇದೇ ರೀತಿ ಒಂದು ತೋಟದ ನಾಲ್ಕು ಕೆಲಸಗಳನ್ನು ಲೆಕ್ಕ ಹಾಕಿದೆಯೆಂದು ಭಾವಿಸೋಣ. ಈ ಅಂಕಿಗಳು ಕ್ರಮವನ್ನು ತೋರಿಸುವುದಕ್ಕಾಗಿ ಊಹಿಸಿದವು. ಮೊಬಲಗು ಲಕ್ಷ ರೂಪಾಯಿಗಳಲ್ಲಿದೆ.

| ಕೆಲಸ | ಹೂಡಿಕೆ | ಇಂದಿನ ಬೆಲೆ | ನಿವ್ವಳ ಲಾಭ | ಲಾಭಸೂಚಿ |
|---|---|---|---|---|
| ಮೆಣಸಿನ ಬಳ್ಳಿ | 2 | 3.6 | 1.6 | 1.80 |
| ಒಣಗಿಸುವ ಕಣ | 3 | 4.5 | 1.5 | 1.50 |
| ನೀರಿನ ಹೊಂಡ, ತುಂತುರು ನೀರಾವರಿ | 8 | 11.2 | 3.2 | 1.40 |
| ಪಲ್ಪರ್ ಯಂತ್ರ | 4 | 5.0 | 1.0 | 1.25 |

ಫೆಬ್ರವರಿ–ಮಾರ್ಚಿಯಲ್ಲಿ ಹೂಮಳೆ ತಪ್ಪಿದರೆ ರೊಬಸ್ಟ ಫಸಲು ಕೆಡುವುದರಿಂದ, ತುಂತುರು ನೀರಾವರಿಯ ಲಾಭವೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಕೈಯಲ್ಲಿ 9 ಲಕ್ಷವಿರುವಾತನು ಈ ದೊಡ್ಡ ಲಾಭವನ್ನೇ ನೋಡಿ ಅದನ್ನು ಹಿಡಿದರೆ, 8 ಲಕ್ಷ ಅಲ್ಲಿಯೇ ಮುಗಿದು 3.2 ಲಕ್ಷ ದೊರೆಯುವುದು. ಮಿಕ್ಕ 1 ಲಕ್ಷಕ್ಕೆ ಯಾವ ಕೆಲಸವೂ ಪೂರ್ತಿಯಾಗಿ ಸಿಕ್ಕದು. ಸೂಚಿಯ ಕ್ರಮದಂತೆ ನಡೆದರೆ ಮೆಣಸು, ಕಣ, ಪಲ್ಪರ್ ಮೂರೂ ಆ 9 ಲಕ್ಷದೊಳಗೇ ಆಗಿ, 4.1 ಲಕ್ಷ ದೊರೆಯುವುದು. ಕೊರತೆಯಾಗಿರುವುದು ಹಣವಾದುದರಿಂದ, ಒಟ್ಟು ಲಾಭವನ್ನಲ್ಲ, ರೂಪಾಯಿಯೊಂದಕ್ಕೆ ಬರುವ ಲಾಭವನ್ನು ನೋಡಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಆದರೆ ಸೂಚಿಯನ್ನು ಕಣ್ಣುಮುಚ್ಚಿ ಅನುಸರಿಸಲಾಗದು. ಅದೇ ತೋಟಗಾರನಲ್ಲಿ 10 ಲಕ್ಷವಿದ್ದರೆ ಸೂಚಿಯ ಕ್ರಮವು ಮೊದಲಿನ ಮೂರು ಕೆಲಸಗಳನ್ನೇ ತೋರಿಸಿ, 1 ಲಕ್ಷವನ್ನು ಸುಮ್ಮನೆ ಉಳಿಸುವುದು. ಮೆಣಸು ಮತ್ತು ನೀರಾವರಿಗಳನ್ನು ಕೂಡಿಸಿದರೆ 10 ಲಕ್ಷವೂ ಸರಿಹೋಗಿ 4.8 ಲಕ್ಷ ದೊರೆಯುವುದು. ಹೊಂಡವನ್ನು ಅರ್ಧ ತೋಡಿ ಅರ್ಧ ಫಲ ಪಡೆಯಲಾಗದಿರುವುದೇ ಇದಕ್ಕೆ ಕಾರಣ. ಮೆಣಸಿನ ಬಳ್ಳಿಯನ್ನಾದರೆ ಹಣವಿದ್ದಷ್ಟು ಮರಗಳಿಗೆ ಹಬ್ಬಿಸಬಹುದು. ಆದಕಾರಣ ಭಾಗಮಾಡಲಾಗದ ಕೆಲಸಗಳಿರುವಾಗ, ಹಣದ ಮಿತಿಯೊಳಗೆ ಬರುವ ಜೋಡಿಗಳನ್ನೆಲ್ಲ ಬರೆದು ಅವುಗಳ ನಿವ್ವಳ ಲಾಭವನ್ನು ಕೂಡಿ ನೋಡಬೇಕು. ನಾಲ್ಕೈದು ಕೆಲಸಗಳಾದರೆ ಇದು ಒಂದು ಹಾಳೆಯಲ್ಲಿ ಮುಗಿಯುವುದು.

ಈ ಲೆಕ್ಕದಿಂದ ಇನ್ನೊಂದು ಪ್ರಯೋಜನವೂ ಉಂಟು. 9 ಲಕ್ಷಕ್ಕೆ 1 ಲಕ್ಷ ಸೇರಿದರೆ ಲಾಭವು 4.1ರಿಂದ 4.8ಕ್ಕೆ ಏರುವುದು. ಆ 1 ಲಕ್ಷವನ್ನು ಶೇಕಡ 12ಕ್ಕಿಂತ ಹೆಚ್ಚಿನ ಬಡ್ಡಿಗೆ ತಂದರೂ, ಹೆಚ್ಚುವರಿ ಬಡ್ಡಿಯ ಇಂದಿನ ಬೆಲೆ 70,000 ರೂಪಾಯಿಯನ್ನು ಮೀರದವರೆಗೆ ನಷ್ಟವಿಲ್ಲ. ಸಾಲ ತರಬಹುದೇ ಬಾರದೇ ಎಂಬುದನ್ನು ನಿರ್ಣಯಿಸಲು ಇದೇ ಅಳತೆ.

ಲೆಕ್ಕ ತಪ್ಪುವುದು ಮುಖ್ಯವಾಗಿ ಎರಡು ಕಡೆ. ಒಂದು, ಕೆಲಸಗಳು ಒಂದನ್ನೊಂದು ಅವಲಂಬಿಸಿರುವುದು. ಪಲ್ಪರಿನಲ್ಲಿ ಸುಲಿದ ಕಾಫಿಯನ್ನು ಒಣಗಿಸಲು ಒಳ್ಳೆಯ ಕಣ ಬೇಕು. ಕಣವಿಲ್ಲದ ತೋಟದಲ್ಲಿ ಪಲ್ಪರಿನ 1.25ರ ಸೂಚಿ ನಿಲ್ಲದು. ಅಂತಹ ಎರಡನ್ನು ಒಂದೇ ಕೆಲಸವೆಂದು ಎಣಿಸಬೇಕು: ಹೂಡಿಕೆ 7, ಬೆಲೆ 9.5, ಸೂಚಿ ಸುಮಾರು 1.36. ಎರಡು, ಧಾರಣೆ ಮತ್ತು ರೋಗ. ಬೆಲೆ ಇಳಿದೋ ಸೊರಗು ರೋಗದಿಂದ ಬಳ್ಳಿಗಳು ಸತ್ತೋ ಮೆಣಸಿನ ವರಮಾನ ಕಾಲುಭಾಗ ಕುಗ್ಗಿದರೆ, ಅದರ ಸೂಚಿ 1.80ರಿಂದ 1.35ಕ್ಕೆ ಇಳಿದು, ನೀರಾವರಿಗಿಂತಲೂ ಕೆಳಗಾಗುವುದು. ಆದುದರಿಂದ ಹಣ ಹೂಡುವ ಮೊದಲು ಪ್ರತಿಯೊಂದು ವರಮಾನವನ್ನೂ ಕಾಲುಭಾಗ ತಗ್ಗಿಸಿ ಇನ್ನೊಮ್ಮೆ ಲೆಕ್ಕ ಹಾಕತಕ್ಕುದು. ಆಗಲೂ ಸೂಚಿ 1ರ ಮೇಲೆ ನಿಲ್ಲುವ ಕೆಲಸವನ್ನು ಹೆಚ್ಚು ನಂಬಬಹುದು. ಇಲ್ಲಿಯ ನಾಲ್ಕರಲ್ಲಿ ಪಲ್ಪರ್ ಮಾತ್ರ ಈ ಪರೀಕ್ಷೆಯಲ್ಲಿ 0.94ಕ್ಕೆ ಇಳಿಯುವುದು.