ಉತ್ತರ ಬಾಣದ ಮೇಲೋ, ವೃತ್ತದ ಒಳಗೋ

ಕಾಗದದ ಮೇಲೆ ಎರಡು ವೃತ್ತ ಬರೆದುಕೊಳ್ಳಿ, ಅ ಮತ್ತು ಬ. ನಾವು ಕಟ್ಟಬೇಕಾದ ಯಂತ್ರಕ್ಕೆ 0, 1 ಎಂಬ ಅಂಕಿಗಳು ಒಂದೊಂದಾಗಿ ಬರುತ್ತವೆ. ಬೆನ್ನುಬೆನ್ನಿಗೆ ಎರಡು 1 ಬಂದ ಕೂಡಲೇ ಅದು 1 ಎನ್ನಬೇಕು, ಉಳಿದಾಗ 0. ಸಾಮಾನ್ಯ ಆಟೊಮೇಟಾ ಸಾಲೆಲ್ಲ ಓದಿ ಕೊನೆಗೆ ಹೌದು ಅಥವಾ ಅಲ್ಲ ಎನ್ನುತ್ತದೆ. ಇದು ಹೆಜ್ಜೆಹೆಜ್ಜೆಗೂ ಉತ್ತರ ಕೊಡುತ್ತದೆ.

ಅ ಎಂದರೆ ‘ಹಿಂದಿನದು 1 ಅಲ್ಲ’, ಬ ಎಂದರೆ ‘ಹಿಂದಿನದು 1’. ಶುರು ಅ ದಿಂದ. 0 ಬಂದರೆ ಎಲ್ಲಿದ್ದರೂ ಅ ಗೆ ಹೋಗಿ 0 ಎನ್ನುತ್ತೇವೆ. ಅ ದಲ್ಲಿದ್ದಾಗ 1 ಬಂದರೆ ಬ ಗೆ ಹೋಗಿ 0 ಎನ್ನುತ್ತೇವೆ. ಬ ದಲ್ಲಿದ್ದಾಗ ಮತ್ತೆ 1 ಬಂದರೆ ಅಲ್ಲೇ ಉಳಿದು 1 ಎನ್ನುತ್ತೇವೆ. ಇಲ್ಲಿ ಉತ್ತರವನ್ನು ಬಾಣದ ಮೇಲೆ ಬರೆದಿದ್ದೇವೆ. ಇದು ಮೀಲಿ ಯಂತ್ರ. ಬೆಲ್ ಲ್ಯಾಬ್ಸ್‌ನ ಜಾರ್ಜ್ ಮೀಲಿ 1955ರಲ್ಲಿ ಸರ್ಕ್ಯೂಟ್ ವಿನ್ಯಾಸದ ಲೇಖನವೊಂದರಲ್ಲಿ ಇದನ್ನು ವಿವರಿಸಿದರು. ಮರುವರ್ಷ ಅಲ್ಲಿನವರೇ ಆದ ಎಡ್ವರ್ಡ್ ಮೂರ್ ಪ್ರಕಟಿಸಿದ ಯಂತ್ರದಲ್ಲಿ ಉತ್ತರ ವೃತ್ತದೊಳಗೇ ಇರುತ್ತದೆ: ಯಾವ ದಾರಿಯಿಂದ ಬಂದರೂ ಆ ಸ್ಥಿತಿಯ ಉತ್ತರ ಒಂದೇ.

ನಮ್ಮ ಯಂತ್ರವನ್ನು ಮೂರ್ ರೂಪಕ್ಕೆ ತರಲು ಹೋದರೆ ಬ ತಕರಾರು ಮಾಡುತ್ತದೆ. ಅದರೊಳಗೆ ಬರುವ ಒಂದು ಬಾಣದ ಮೇಲೆ 0 ಇದೆ, ಇನ್ನೊಂದರ ಮೇಲೆ 1. ಒಂದೇ ವೃತ್ತದಲ್ಲಿ ಎರಡು ಉತ್ತರ ಹಿಡಿಸುವುದಿಲ್ಲ. ಹಾಗಾಗಿ ಬ ಅನ್ನು ಬ0, ಬ1 ಎಂದು ಒಡೆಯಬೇಕು. ಅ ದಿಂದ ಬರುವ ಬಾಣ ಬ0 ಗೆ, ಬ ದಿಂದ ಬ ಗೇ ತಿರುಗುತ್ತಿದ್ದ ಬಾಣ ಬ1 ಗೆ. ತಪ್ಪಾಗುವುದು ಇದರ ನಂತರ. ಒಳಬರುವ ಬಾಣಗಳನ್ನು ಹಂಚುತ್ತೇವೆ, ಆದರೆ ಹೊರಹೋಗುವ ಬಾಣಗಳನ್ನು ಎರಡೂ ತುಂಡುಗಳಿಗೆ ಪೂರ್ತಿ ಕೊಡಬೇಕು: ಬ0, ಬ1 ಎರಡರಿಂದಲೂ 0 ಬಂದರೆ ಅ ಗೆ, 1 ಬಂದರೆ ಬ1 ಗೆ. ಅ ಗೆ ಬರುವ ಬಾಣಗಳೆಲ್ಲ 0 ಆದ್ದರಿಂದ ಅದು ಹಾಗೇ ಉಳಿಯುತ್ತದೆ. ಒಟ್ಟು ಮೂರು ಸ್ಥಿತಿ.

ಈಗ 0110111 ಕೊಟ್ಟು ನೋಡೋಣ.

```
ಮೀಲಿ:  0010011
ಮೂರ್: 00010011
```

ಮೂರ್ ಯಂತ್ರ ಒಂದು ಅಂಕಿ ಹೆಚ್ಚು ಕೊಟ್ಟಿದೆ. ಏನೂ ಬರುವ ಮೊದಲೇ ಅದು ಅ ದಲ್ಲಿ ನಿಂತಿರುತ್ತದೆ, ಅ ದ ಉತ್ತರವನ್ನು ಹೇಳಿಬಿಡುತ್ತದೆ. ಆ ಮೊದಲ 0 ತೆಗೆದರೆ ಎರಡೂ ಸಾಲು ಒಂದೇ. ತೆಗೆದ ಮೇಲೂ ಹೊಂದದಿದ್ದರೆ ಬಾಣ ಎಲ್ಲೋ ತಪ್ಪಿದೆ ಎಂದರ್ಥ.

ವಾಪಸು ಬರುವುದು ಸುಲಭ: ಬಾಣ ತಲುಪುವ ವೃತ್ತದ ಉತ್ತರವನ್ನು ಬಾಣದ ಮೇಲೆ ಬರೆದರಾಯಿತು, ಸ್ಥಿತಿಗಳು ಮೂರೇ ಇರುತ್ತವೆ. ಆದರೆ ಈಗ ಬ0, ಬ1 ಗಳಿಂದ ಹೊರಡುವ ಬಾಣಗಳನ್ನು ಹೋಲಿಸಿ. ಗುರಿಯೂ ಉತ್ತರವೂ ಅಕ್ಷರಶಃ ಒಂದೇ. ಎರಡನ್ನೂ ಕೂಡಿಸಿದರೆ ನಾವು ಮೊದಲು ಬರೆದ ಎರಡು ವೃತ್ತಗಳೇ ಮತ್ತೆ ಕಾಗದದ ಮೇಲೆ ಬರುತ್ತವೆ.